ಸ್ಥಳದಲ್ಲೇ ತೆಗೆದ ಫೋಟೊನೋ, ಪರದೆ ಮೇಲಿನ ಫೋಟೊದ ಫೋಟೊನೋ? ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಬೇಸಿಗೆ ಬಂತೆಂದರೆ ಕೆರೆ ಹೂಳು, ಬದು, ಕೃಷಿ ಹೊಂಡದ ಕೆಲಸ ಶುರುವಾಗುತ್ತದೆ. ಉದ್ಯೋಗ ಖಾತ್ರಿಯಲ್ಲಿ ಮೊಬೈಲ್ ಹಾಜರಾತಿ ಬಂದ ಮೇಲೆ ಈ ಕೆಲಸಗಳ ಫೋಟೊಗಳನ್ನು ಯಾರಾದರೂ ಕೂತು ನೋಡಬೇಕಾಯಿತು. ಹಾಗೆ ನೋಡುವ ಪಂಚಾಯಿತಿ ಸಿಬ್ಬಂದಿ, ಸಾಮಾಜಿಕ ಪರಿಶೋಧನೆಯವರು, ಕಾಯಕ ಬಂಧುಗಳು ಮತ್ತು ತಮ್ಮ ಹೆಸರಿನಲ್ಲಿ ಏರಿದ ಫೋಟೊ ಯಾವುದೆಂದು ತಿಳಿಯಬೇಕಾದ ಕೂಲಿಕಾರರಿಗಾಗಿ ಈ ಪುಟ.

## ಫೋಟೊದ ಫೋಟೊ ಎಂದರೆ ಏನು? ಅದನ್ನು ಯಾಕೆ ತೆಗೆಯುತ್ತಾರೆ?

ಹಾಜರಾತಿ ಆ್ಯಪ್‌ನಂಥವು ಕ್ಯಾಮೆರಾದಲ್ಲಿ ಆ ಕ್ಷಣದಲ್ಲೇ ಹಿಡಿದ ಚಿತ್ರವನ್ನಷ್ಟೇ ತೆಗೆದುಕೊಳ್ಳುತ್ತವೆ, ಗ್ಯಾಲರಿಯಲ್ಲಿರುವ ಹಳೆಯದನ್ನು ಹಾಕಲು ಬಿಡುವುದಿಲ್ಲ. ಈ ಬೇಲಿಯನ್ನು ಹಾರಲು ಹೆಚ್ಚು ಜಾಣತನವೇನೂ ಬೇಕಿಲ್ಲ. ಹಳೆಯ ಫೋಟೊವನ್ನು ಕಂಪ್ಯೂಟರಿನಲ್ಲೋ ಇನ್ನೊಂದು ಮೊಬೈಲಿನಲ್ಲೋ ತೆರೆದು, ಆ ಪರದೆಗೆ ಕ್ಯಾಮೆರಾ ಹಿಡಿದರೆ ಮುಗಿಯಿತು. 2025ರ ಜುಲೈನಲ್ಲಿ ಕೇಂದ್ರ ಗ್ರಾಮೀಣಾಭಿವೃದ್ಧಿ ಸಚಿವಾಲಯ ಹೊರಡಿಸಿದ ಸುತ್ತೋಲೆ ಹಾಜರಾತಿ ಆ್ಯಪ್‌ನ ದುರ್ಬಳಕೆಗಳನ್ನು ಪಟ್ಟಿ ಮಾಡಿದಾಗ ಇದೂ ಅದರಲ್ಲಿತ್ತು.

ಚಿತ್ರದ ಜೊತೆ ಬರುವ ಸಮಯ ಮತ್ತು ಜಿಪಿಎಸ್ ಇಲ್ಲಿ ಸಹಾಯಕ್ಕೆ ಬರುವುದಿಲ್ಲ. ಅವು ಕ್ಯಾಮೆರಾ ಎಲ್ಲಿತ್ತು, ಯಾವಾಗ ಒತ್ತಿದರು ಎಂದು ಹೇಳುತ್ತವೆಯೇ ಹೊರತು ಕ್ಯಾಮೆರಾದ ಎದುರು ಏನಿತ್ತು ಎಂದಲ್ಲ. ಕೆರೆ ಏರಿಯ ಮೇಲೆ ಒಬ್ಬನೇ ನಿಂತು ಎರಡನೇ ಮೊಬೈಲಿನ ಫೋಟೊ ಹೊಡೆದರೂ ಜಿಪಿಎಸ್ ಸರಿಯಾಗೇ ಇರುತ್ತದೆ. ಹಾಗಾಗಿ ಚಿತ್ರವನ್ನೇ ನೋಡಬೇಕು. ನೋಡುವವರಿಗೆ ಮೊದಲು ಸಿಗುವ ಗುರುತು ಎರಡು: ಮೊಯಿರೆ ಮತ್ತು ಪರದೆಯ ಮೇಲೆ ಬಿದ್ದ ಬೆಳಕಿನ ಹೊಳಪು.

## ಮೊಯಿರೆ ಎಂದರೆ ಏನು?

ನರ್ಸರಿಯಲ್ಲಿ ಕಟ್ಟುವ ಹಸಿರು ನೆರಳು ಪರದೆಯನ್ನು ಎರಡು ಪದರ ಮಾಡಿ ಬೆಳಕಿಗೆ ಹಿಡಿಯಿರಿ. ಬಲೆಯ ಕಣ್ಣುಗಳಿಗಿಂತ ಎಷ್ಟೋ ಅಗಲದ, ಅಲೆಅಲೆಯಾದ ಪಟ್ಟೆಗಳು ಕಾಣುತ್ತವೆ. ಒಂದು ಪದರವನ್ನು ಕೂದಲೆಳೆಯಷ್ಟು ಸರಿಸಿದರೆ ಪಟ್ಟೆ ಗೇಣುದ್ದ ಓಡುತ್ತದೆ. ಆ ಪಟ್ಟೆ ಎರಡು ಬಲೆಗಳಲ್ಲಿ ಯಾವುದರಲ್ಲೂ ಇಲ್ಲ. ಎರಡರ ಕಣ್ಣುಗಳು ಒಂದು ಕಡೆ ಸೇರಿ, ಇನ್ನೊಂದು ಕಡೆ ತಪ್ಪುವುದರಿಂದ ಅದು ಹುಟ್ಟುತ್ತದೆ. ಇದೇ ಮೊಯಿರೆ.

ಪರದೆಯ ಫೋಟೊ ತೆಗೆಯುವಾಗಲೂ ಎರಡು ಬಲೆಗಳಿರುತ್ತವೆ. ಒಂದು ಪರದೆಯ ಪಿಕ್ಸೆಲ್‌ಗಳದ್ದು, ಇನ್ನೊಂದು ಕ್ಯಾಮೆರಾದ ಸೆನ್ಸರಿನದ್ದು. ಸೆನ್ಸರಿನ ಬಲೆಯಲ್ಲಿ ಇನ್ನೊಂದು ವಿಶೇಷವಿದೆ. ಅದರ ಪ್ರತಿ ಕಣ್ಣೂ ಒಂದೇ ಬಣ್ಣ ನೋಡುತ್ತದೆ. ಅಡ್ಡ ಸಾಲಿನಲ್ಲಿ ಕೆಂಪು ನೋಡುವ ಕಣ್ಣು ಒಂದು ಬಿಟ್ಟು ಒಂದು ಬರುತ್ತದೆ, ನೀಲಿಯೂ ಹಾಗೆಯೇ. ಹಸಿರು ಅದರ ಎರಡರಷ್ಟಿದೆ. ಹೀಗಾಗಿ ಕೆಂಪು ಮತ್ತು ನೀಲಿಯ ಬಲೆ ಹಸಿರಿನದಕ್ಕಿಂತ ಒರಟು. ಪರದೆಯ ಮೊಯಿರೆ ಬರೀ ಕಪ್ಪು ಬಿಳುಪಿನಲ್ಲಿ ಬರದೆ ಹೆಚ್ಚಾಗಿ ಗುಲಾಬಿ ಮತ್ತು ಹಸಿರು ಪಟ್ಟೆಗಳಾಗಿ ಬರುವುದು ಇದರಿಂದಲೇ.

## ಒಂದೊಂದು ಫೋಟೊದಲ್ಲಿ ಪಟ್ಟೆ ಎದ್ದು ಕಾಣುತ್ತದೆ, ಇನ್ನೊಂದರಲ್ಲಿ ಇರುವುದೇ ಇಲ್ಲ. ಯಾಕೆ?

ಕ್ಯಾಮೆರಾ ಎಷ್ಟು ದೂರದಲ್ಲಿತ್ತು ಎಂಬುದರ ಮೇಲೆ ಹೆಚ್ಚಿನದು ನಿಂತಿದೆ. ಒಂದು ಲೆಕ್ಕ ನೋಡೋಣ. ಕಚೇರಿಗಳಲ್ಲಿ ಸಾಮಾನ್ಯವಾಗಿರುವ 21.5 ಇಂಚಿನ ಫುಲ್ ಎಚ್‌ಡಿ ಮಾನಿಟರಿನ ಅಗಲ ಸುಮಾರು 47.6 ಸೆಂ.ಮೀ., ಅಡ್ಡಕ್ಕೆ 1920 ಪಿಕ್ಸೆಲ್. ಮೊಬೈಲಿನ ಮುಖ್ಯ ಕ್ಯಾಮೆರಾದ ಫೋಟೊ ಅಡ್ಡಕ್ಕೆ 4000 ಪಿಕ್ಸೆಲ್ ಎನ್ನಿ. ಮಾನಿಟರಿನ ಅಗಲ ಫೋಟೊದ ಅಗಲವನ್ನು ಸರಿಯಾಗಿ ತುಂಬಿದರೆ, ಪರದೆಯ ಒಂದು ಪಿಕ್ಸೆಲ್ ಫೋಟೊದಲ್ಲಿ 4000 ÷ 1920, ಅಂದರೆ 2.08 ಪಿಕ್ಸೆಲ್ ಜಾಗ ಹಿಡಿಯುತ್ತದೆ. ಕೆಂಪಿನ ಕಣ್ಣು ಬರುವುದು 2 ಪಿಕ್ಸೆಲ್‌ಗೊಮ್ಮೆ. 2.08ರ ಹೆಜ್ಜೆ ಹಾಕುವವನೂ 2ರ ಹೆಜ್ಜೆ ಹಾಕುವವನೂ ಒಟ್ಟಿಗೆ ಹೊರಟರೆ ಮತ್ತೆ ಹೆಜ್ಜೆ ಕೂಡುವುದು ಸುಮಾರು 50 ಪಿಕ್ಸೆಲ್ ಆದ ಮೇಲೆ. ಹಾಗಾಗಿ ಫೋಟೊದಲ್ಲಿ ಸುಮಾರು 50 ಪಿಕ್ಸೆಲ್‌ಗೊಂದು ಬಣ್ಣದ ಪಟ್ಟೆ.

ಇದಕ್ಕೆ ಮೊಬೈಲನ್ನು ಪರದೆಯಿಂದ ಸುಮಾರು 36 ಸೆಂ.ಮೀ. ದೂರ ಹಿಡಿದಿರಬೇಕು. ಅಲ್ಲಿಂದ ಒಂದೂವರೆ ಸೆಂ.ಮೀ. ಹಿಂದೆ ಸರಿದರೆ 2.08 ಇದ್ದದ್ದು ಸರಿಯಾಗಿ 2 ಆಗುತ್ತದೆ, ಪಟ್ಟೆ ಹಿಗ್ಗಿ ಹಿಗ್ಗಿ ಇಡೀ ಚಿತ್ರಕ್ಕೆ ಒಂದು ಬಣ್ಣದ ಛಾಯೆಯಾಗಿ ಕರಗಿಬಿಡುತ್ತದೆ. ಹತ್ತಿರ ಹೋದರೆ ಪಟ್ಟೆ ಸಣ್ಣದಾಗುತ್ತಾ ಕೊನೆಗೆ ಬರೀ ಕಣಕಣವಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದ ಮೊಬೈಲು ಪರದೆಗೆ ಪೂರಾ ನೇರ ಇರುವುದು ಅಪರೂಪ. ಒಂದು ಬದಿ ಹತ್ತಿರ, ಇನ್ನೊಂದು ಬದಿ ದೂರ ಆಗುವುದರಿಂದ ಒಂದೇ ಫೋಟೊದಲ್ಲಿ ಎಡಕ್ಕೆ ಅಗಲ ಪಟ್ಟೆ, ಬಲಕ್ಕೆ ಕಿರಿದಾದ ಪಟ್ಟೆ ಬಂದು, ನಡುವೆ ಬಿಲ್ಲಿನಂತೆ ಬಾಗುತ್ತದೆ. ಈ ಬಾಗು ಒಳ್ಳೆಯ ಗುರುತು.

ಫೋಕಸ್ ಸ್ವಲ್ಪ ತಪ್ಪಿದರೂ ಮೊಯಿರೆ ಹೋಗುತ್ತದೆ, ಏಕೆಂದರೆ ಪರದೆಯ ಕಣ್ಣುಗಳು ಮಸುಕಾದ ಮೇಲೆ ಸೇರಲು ಎರಡನೇ ಬಲೆಯೇ ಉಳಿಯುವುದಿಲ್ಲ.

## ಎಲ್ಲಿ ನೋಡಬೇಕು, ಹೇಗೆ ನೋಡಬೇಕು?

ಮೊಬೈಲಿನಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ. ಫೈಲನ್ನು ಕಂಪ್ಯೂಟರಿಗೆ ಇಳಿಸಿ, ಚಿತ್ರವನ್ನು ಸರಿಯಾಗಿ 100%ಗೆ ತನ್ನಿ. ಮೊದಲು ಆಕಾಶ ನೋಡಿ, ಆಮೇಲೆ ಬಿಳಿ ಅಂಗಿ, ಟವೆಲ್, ನೀರು ಮತ್ತು ಸಪಾಟಾದ ಮಣ್ಣು. ವಿನ್ಯಾಸವಿಲ್ಲದ ಜಾಗದಲ್ಲಿ ಪಟ್ಟೆ ಅಡಗಲಾರದು. ಕಲ್ಲುಗುಂಡು, ಜಾಲಿ ಗಿಡ, ಜನರ ಗುಂಪಿನ ಮೇಲೆ ಅದು ಇದ್ದರೂ ಕಣ್ಣಿಗೆ ಬೀಳುವುದಿಲ್ಲ.

ಏನೂ ಕಾಣದಿದ್ದರೆ ಬಣ್ಣವನ್ನು ಕೆರಳಿಸಿ ನೋಡಿ. ಚಿತ್ರ ತಿದ್ದುವ ಉಚಿತ ತಂತ್ರಾಂಶ ಜಿಂಪ್‌ನಲ್ಲಿ `Colors > Saturation` ತೆರೆದು 3ರವರೆಗೆ ಏರಿಸಿದರೆ ಬರಿಗಣ್ಣಿಗೆ ಬೂದಿಯಂತಿದ್ದ ಆಕಾಶದಲ್ಲಿ ಗುಲಾಬಿ ಹಸಿರು ಪಟ್ಟೆಗಳು ಎದ್ದು ಬರುತ್ತವೆ. ತುಂಬಾ ಫೋಟೊಗಳಿದ್ದರೆ ಇಮೇಜ್‌ಮ್ಯಾಜಿಕ್‌ನಲ್ಲಿ ಇದೇ ಕೆಲಸ ಒಂದು ಸಾಲಿನದು:

```
magick photo.jpg -modulate 100,300 out.png
```

ಹೀಗೆ ಕೆರಳಿಸಿದಾಗ ಅಸಲಿ ಫೋಟೊದ ಆಕಾಶದಲ್ಲೂ ಬಣ್ಣದ ಚೌಕಗಳು ಕಾಣಬಹುದು. ಅವು 8 ಅಥವಾ 16 ಪಿಕ್ಸೆಲ್‌ನ ಚೌಕಗಳಾಗಿದ್ದು ಗೋಡೆಯ ಇಟ್ಟಿಗೆಯಂತೆ ನೆಟ್ಟಗಿದ್ದರೆ ಅದು ಜೆಪೆಗ್ ಸಂಕೋಚನದ ಗುರುತು, ಮೊಯಿರೆಯಲ್ಲ. ಮೊಯಿರೆ ಬಾಗುತ್ತದೆ ಅಥವಾ ಓರೆಯಾಗಿ ಓಡುತ್ತದೆ.

## ಜೂಮ್ ಮಾಡಿದಂತೆಲ್ಲ ಪಟ್ಟೆ ಬದಲಾಗುತ್ತದೆ. ಯಾವುದು ನಿಜ?

ನೀವು ನೋಡುತ್ತಿರುವ ಪರದೆಯೂ ಒಂದು ಬಲೆ! 4000 ಪಿಕ್ಸೆಲ್‌ನ ಚಿತ್ರವನ್ನು ಕುಗ್ಗಿಸಿ ತೋರಿಸುವಾಗ ಸಾಫ್ಟ್‌ವೇರೇ ಹೊಸ ಪಟ್ಟೆ ಹುಟ್ಟಿಸಬಲ್ಲದು. 100%, 200%, 300% ಮೂರರಲ್ಲೂ ನೋಡಿ. ಫೈಲಿನಲ್ಲೇ ಇರುವ ಪಟ್ಟೆ ಚಿತ್ರದ ಜೊತೆ ಅಳತೆಗೆ ಸರಿಯಾಗಿ ದೊಡ್ಡದಾಗುತ್ತದೆ. 100%ನಲ್ಲಿ ಒಬ್ಬ ಹೆಂಗಸಿನ ಭುಜದಿಂದ ಬುಟ್ಟಿಯ ತನಕ ಮೂರು ಪಟ್ಟೆ ಇದ್ದರೆ 300%ನಲ್ಲೂ ಮೂರೇ. ಲೆಕ್ಕ ಬದಲಾದರೆ ಅದು ನಿಮ್ಮ ಪರದೆಯದು, ಬಿಟ್ಟುಬಿಡಿ.

ಇದೇ ಕಾರಣಕ್ಕೆ ಪೋರ್ಟಲಿನ ಚಿಕ್ಕ ಚಿತ್ರ ನೋಡಿ ಅಥವಾ ಅದರ ಸ್ಕ್ರೀನ್‌ಶಾಟ್ ತೆಗೆದು ಅನುಮಾನ ಪಡಬಾರದು.

## ಇಳಕಲ್ ಸೀರೆ, ಖಣದ ಕುಪ್ಪಸದ ಮೇಲೂ ಪಟ್ಟೆ ಕಾಣುತ್ತದಲ್ಲ?

ಕಾಣುತ್ತದೆ, ಮತ್ತು ಇಲ್ಲೇ ಅಮಾಯಕರ ಮೇಲೆ ತಪ್ಪು ಬರುವುದು. ಸಣ್ಣ ಚೌಕಳಿಯ ಸೀರೆ, ಖಣದ ಒತ್ತಾದ ನೇಯ್ಗೆ, ಜೀನ್ಸ್ ಬಟ್ಟೆ, ಸೊಳ್ಳೆ ಪರದೆ, ಕಿಟಕಿಯ ಜಾಲರಿ, ದೂರದ ತಗಡಿನ ಛಾವಣಿ ಇವೆಲ್ಲವೂ ಬಲೆಗಳೇ. ಸೆನ್ಸರಿನ ಬಲೆಯೊಡನೆ ಸೇರಿದರೆ ಸ್ಥಳದಲ್ಲೇ ತೆಗೆದ ಅಪ್ಪಟ ಫೋಟೊದಲ್ಲೂ ಮೊಯಿರೆ ಬರುತ್ತದೆ.

ಕೇಳಬೇಕಾದ ಪ್ರಶ್ನೆ ಒಂದೇ: ಪಟ್ಟೆ ಎಲ್ಲಿ ನಿಲ್ಲುತ್ತದೆ? ಬಟ್ಟೆಯ ಮೊಯಿರೆ ಬಟ್ಟೆಯ ಅಂಚಿಗೆ ನಿಲ್ಲುತ್ತದೆ. ನೆರಿಗೆ ತಿರುಗಿದ ಕಡೆ ತಾನೂ ತಿರುಗುತ್ತದೆ, ಮಡಿಕೆಯಲ್ಲಿ ಮುರಿಯುತ್ತದೆ. ಪರದೆಯ ಮೊಯಿರೆಗೆ ಚಿತ್ರದಲ್ಲಿ ಏನಿದೆ ಎಂಬುದು ಗೊತ್ತೇ ಇಲ್ಲ. ಆಕಾಶದಲ್ಲಿ ಶುರುವಾದ ಪಟ್ಟೆ ಗುಡ್ಡದ ಮೇಲೆ ಹಾದು, ಹತ್ತಿರ ನಿಂತವರ ಮುಖದ ಮೇಲೆ ಹಾದು, ಕಾಲಡಿಯ ಮಣ್ಣಿಗೆ ಇಳಿಯುತ್ತದೆ, ಎಲ್ಲೂ ತುಂಡಾಗುವುದಿಲ್ಲ. ಅರ್ಧ ಕಿಲೋಮೀಟರ್ ದೂರದ ಗುಡ್ಡ ಮತ್ತು ಮೂರು ಮೀಟರ್ ದೂರದ ಮುಖ ಒಂದೇ ಪಟ್ಟೆಯನ್ನು ಹಂಚಿಕೊಂಡಿದ್ದರೆ ಅವೆರಡೂ ಒಂದೇ ಸಮತಲದಲ್ಲಿ ಇದ್ದವು ಎಂದೇ ಅರ್ಥ.

## ಹೊಳಪಿನಿಂದ ಹೇಗೆ ಗುರುತಿಸುವುದು?

ಪರದೆಯ ಮೇಲಿರುವ ಗಾಜು ಅಥವಾ ಪ್ಲಾಸ್ಟಿಕ್ ಹಾಳೆ ಕನ್ನಡಿಯಂತೆ ಕೋಣೆಯನ್ನು ತೋರಿಸುತ್ತದೆ. ಟ್ಯೂಬ್‌ಲೈಟ್, ಕಿಟಕಿ, ತೆರೆದ ಬಾಗಿಲು, ಕೆಲವೊಮ್ಮೆ ಫೋಟೊ ತೆಗೆದವರ ಬಿಳಿ ಅಂಗಿಯೂ. ಮಾನಿಟರುಗಳ ಮೈ ಹೆಚ್ಚಾಗಿ ಮಂದವಾಗಿರುವುದರಿಂದ ಅದರ ಮೇಲೆ ಟ್ಯೂಬ್‌ಲೈಟ್ ಒಂದು ಮಂಜಿನ ಪಟ್ಟಿಯಂತೆ ಹರಡುತ್ತದೆ. ಮೊಬೈಲಿನ ಗಾಜು ನುಣುಪು, ಆಕಾರ ಸಾಕಷ್ಟು ಸ್ಪಷ್ಟ. ಆದರೂ ಅಂಚು ಸ್ವಲ್ಪ ಮಸುಕೇ, ಏಕೆಂದರೆ ಕ್ಯಾಮೆರಾ ಫೋಕಸ್ ಮಾಡಿದ್ದು ಪರದೆಗೆ. ಪ್ರತಿಬಿಂಬದಲ್ಲಿನ ದೀಪ ಕನ್ನಡಿಯೊಳಗೆ ಎರಡು ಮೂರು ಮೀಟರ್ ಆಳದಲ್ಲಿರುತ್ತದೆ.

ಈ ಹೊಳಪು ಕೆಳಗಿನ ಚಿತ್ರವನ್ನು ಅಳಿಸುವುದಿಲ್ಲ. ಅದರ ಮೇಲೆ ಬೆಳಕನ್ನು ಕೂಡಿಸುತ್ತದೆ. ಹಾಗಾಗಿ ಬಿಳಿ ಜಾಗದಲ್ಲಿ ಅದು ಅಷ್ಟಾಗಿ ಗೊತ್ತಾಗುವುದಿಲ್ಲ, ಕಪ್ಪು ಜಾಗದಲ್ಲಿ ಮಾತ್ರ ಸಿಕ್ಕಿಬೀಳುತ್ತದೆ. ತಲೆಗೂದಲು, ಮರದ ನೆರಳು, ಕಪ್ಪು ಎರೆ ಮಣ್ಣು ಇಂಥ ಕಡೆ ನೋಡಿ. ಎರೆ ಹೊಲದ ಫೋಟೊದಲ್ಲಿ ಮಣ್ಣಿನ ಒಂದು ಭಾಗ ಮಾತ್ರ ಹಾಲು ಬೆರೆಸಿದಂತೆ ಬೂದಿಯಾಗಿದ್ದು, ಆ ಬೂದಿಯ ಗಡಿ ಬದುವಿನ ಮೇಲೂ ಮನುಷ್ಯನ ಕಾಲಿನ ಮೇಲೂ ಒಂದೇ ಗೆರೆಯಲ್ಲಿ ಹಾದಿದ್ದರೆ ಅದು ಹೊಲದ ಬೆಳಕಲ್ಲ. ಮಸಾರಿ ಮಣ್ಣು ಮೊದಲೇ ತಿಳಿ ಬಣ್ಣದ್ದು, ಅದರ ಮೇಲೆ ಇದನ್ನು ಹುಡುಕುವುದು ಕಷ್ಟ. ಅಲ್ಲಿ ಕೂದಲು ಮತ್ತು ನೆರಳನ್ನೇ ನಂಬಬೇಕು.

ಬಿಸಿಲಿನ ನಿಜವಾದ ಮಿನುಗು ಬೇರೆ. ಬುಟ್ಟಿಯ ತಗಡು, ಸಲಿಕೆಯ ಬಾಯಿ, ನೀರು, ಬೈಕಿನ ಟ್ಯಾಂಕು ಇವು ಹೊಳೆದರೂ ಹೊಳಪು ಆಯಾ ವಸ್ತುವಿನೊಳಗೇ ಇರುತ್ತದೆ, ಅದರ ಆಕಾರವನ್ನೇ ಹಿಡಿಯುತ್ತದೆ.

ಇನ್ನೊಂದು ಗುರುತನ್ನು ಹಲವರು ತಪ್ಪಿಸಿಕೊಳ್ಳುತ್ತಾರೆ. ಪರದೆಯ ನಡುಭಾಗದ ಕಪ್ಪು ಜಾಗದಲ್ಲಿ ಮೊಬೈಲಿನ ನೆರಳಾಕಾರ ಇರಬಹುದು. ಕ್ಯಾಮೆರಾವನ್ನು ನೇರವಾಗಿ ಹಿಡಿದಾಗ ಕೋಣೆಯ ಬೆಳಕಿಗೆ ಆ ಮೊಬೈಲು ಮತ್ತು ಕೈ ಅಡ್ಡ ಬರುತ್ತವೆ. ಹಾಗಾಗಿ ಸುತ್ತ ಮಂದ ಬೂದಿ, ನಡುವೆ ಆಯತಾಕಾರದ ಕಡುಕಪ್ಪು. ಜಿಂಪ್‌ನ `Colors > Levels`ನಲ್ಲಿ ನಡುವಿನ ಗುಂಡಿಯನ್ನು ಎಡಕ್ಕೆ ಎಳೆದು ಕಪ್ಪು ಜಾಗಗಳನ್ನು ಬೆಳಗಿಸಿದರೆ ಇದು ಕಾಣುತ್ತದೆ.

## ಬೆಳಿಗ್ಗೆ ಸೂರ್ಯನಿಗೆ ಎದುರಾಗಿ ತೆಗೆದ ಫೋಟೊದಲ್ಲೂ ಬಿಳಿ ಮಂಜು ಬರುತ್ತದೆ. ಅದೂ ಅನುಮಾನವೇ?

ಅಲ್ಲ. ಬಿಸಿಲು ಏರುವ ಮೊದಲೇ ಕೆಲಸ ಶುರುಮಾಡುವ ನಮ್ಮ ಕಡೆ ಸೂರ್ಯ ಕೆಳಗಿರುವಾಗಲೇ ಮೊದಲ ಫೋಟೊ ತೆಗೆಯುವುದು ಸಹಜ. ಆಗ ಲೆನ್ಸಿನೊಳಗೆ ಬೆಳಕು ಪುಟಿದು ಚಿತ್ರವೆಲ್ಲ ತೆಳ್ಳಗೆ ಬಿಳಿಚಿಕೊಳ್ಳುತ್ತದೆ, ಅಲ್ಲಲ್ಲಿ ಹಸಿರು ಅಥವಾ ನೇರಳೆ ಚುಕ್ಕೆಗಳೂ ಬರುತ್ತವೆ. ಈ ಚುಕ್ಕೆಗಳು ಸೂರ್ಯನಿಂದ ಹೊರಟು ಚಿತ್ರದ ಕೇಂದ್ರದ ಮೂಲಕ ಹಾಯುವ ಗೆರೆಯ ಮೇಲೆ ಸಾಲಾಗಿರುತ್ತವೆ. ಸ್ಕೇಲ್ ಇಟ್ಟು ನೋಡಬಹುದು. ಮಂಜು ಸೂರ್ಯನಿರುವ ಕಡೆ ದಟ್ಟ, ದೂರ ಹೋದಂತೆ ತೆಳು. ನೆರಳುಗಳು ಕ್ಯಾಮೆರಾದ ಕಡೆಗೇ ಚಾಚಿರುತ್ತವೆ. ಮೂರೂ ಒಂದಕ್ಕೊಂದು ಹೊಂದಿದರೆ ಅದು ಸೂರ್ಯನದೇ.

ಎಣ್ಣೆ ಅಥವಾ ಬೆವರಿನ ಕೈ ತಾಗಿದ ಲೆನ್ಸು ಬೆಳಕಿನಿಂದ ಉದ್ದದ ಗೆರೆ ಎಳೆಯುತ್ತದೆ. ಅದೂ ಪರದೆಯ ಗುರುತಲ್ಲ. ಜೀಪಿನ ಗಾಜಿನ ಒಳಗಿಂದ ತೆಗೆದ ಫೋಟೊ ಮಾತ್ರ ನಿಜಕ್ಕೂ ಗೊಂದಲ ಮಾಡುತ್ತದೆ. ಅಲ್ಲಿಯೂ ಪ್ರತಿಬಿಂಬ ಎಲ್ಲದರ ಮೇಲೂ ಹಾಯುತ್ತದೆ, ಅಲ್ಲಿಯೂ ಅಂಚು ಮಸುಕು. ಬರೀ ಹೊಳಪು ನೋಡಿ ಅದನ್ನು ಬೇರ್ಪಡಿಸಲಾಗುವುದಿಲ್ಲ, ಮೊಯಿರೆ ಬೇಕು, ಇಲ್ಲವೇ ಕ್ಯಾಮೆರಾ ಫೈಲಿನೊಳಗೇ ಬರೆದಿಡುವ ಎಕ್ಸಿಫ್ ಮಾಹಿತಿಯಿಂದ ಮಾಡುವ, ಕೆಳಗೆ ಹೇಳುವ ಲೆಕ್ಕ ಬೇಕು.

## ಒಂದು ಫೋಟೊವನ್ನು ಮೊದಲಿಂದ ಕೊನೆಯವರೆಗೆ ಪರೀಕ್ಷಿಸಿ ತೋರಿಸುತ್ತೀರಾ?

ಕುಷ್ಟಗಿ ಕಡೆಯ ಒಂದು ಕೆರೆಯ ಹೂಳೆತ್ತುವ ಕೆಲಸ ಎಂದು ಇಟ್ಟುಕೊಳ್ಳಿ. ಇದು ವಿವರಣೆಗಾಗಿ ಹೆಣೆದ ಉದಾಹರಣೆ. ಮೂಲ ಫೈಲು ಸಿಕ್ಕಿದೆ, 4000×2250 ಪಿಕ್ಸೆಲ್. ಹನ್ನೆರಡು ಜನ ಸಾಲಾಗಿ ನಿಂತಿದ್ದಾರೆ, ಹಿಂದೆ ಕಲ್ಲುಗುಡ್ಡ, ಮೇಲೆ ಖಾಲಿ ಆಕಾಶ. ನೆರಳುಗಳು ಕಾಲಬುಡದಲ್ಲೇ ಇವೆ, ಅಂದರೆ ನಡುಹಗಲಿನ ಸಮಯ.

100%ಗೆ ತಂದು ಆಕಾಶ ನೋಡಿದರೆ ತುಸು ಗುಲಾಬಿ ಛಾಯೆ ಇದೆ, ಪಟ್ಟೆ ಎಂದು ಹೇಳುವಷ್ಟಿಲ್ಲ. ಬಣ್ಣವನ್ನು ಮೂರು ಪಟ್ಟು ಮಾಡಿದಾಗ ಗುಲಾಬಿ ಮತ್ತು ಹಸಿರು ಪಟ್ಟೆಗಳು ಮೇಲಿಂದ ಕೆಳಕ್ಕೆ ಸ್ವಲ್ಪ ಬಾಗಿ ಇಳಿಯುತ್ತವೆ. ನಡುವಿನಲ್ಲಿ ಹತ್ತು ಪಟ್ಟೆ ಎಣಿಸಿ ಅಳೆದರೆ 500 ಪಿಕ್ಸೆಲ್, ಒಂದಕ್ಕೆ 50. ಬಲ ಅಂಚಿನಲ್ಲಿ ಒಂದಕ್ಕೆ 35. ಎಡದಿಂದ ನಾಲ್ಕನೆಯ ಹೆಂಗಸಿನ ಮೇಲೆ ಹಾಯುವ ಪಟ್ಟೆಯನ್ನು ಹಿಡಿದು ಹೋದರೆ ಅದು ಆಕಾಶದಿಂದ ಗುಡ್ಡಕ್ಕೆ, ಅವರ ಹಣೆಗೆ, ಸೀರೆಯ ಸೆರಗಿಗೆ, ಕೆಳಗಿನ ಹೂಳಿಗೆ ಒಂದೇ ಓಟದಲ್ಲಿ ಇಳಿಯುತ್ತದೆ. ಸೀರೆಯ ಮೊಯಿರೆ ಎಂಬ ಸಂಶಯ ಇಲ್ಲಿಗೆ ಮುಗಿಯಿತು.

50 ಪಿಕ್ಸೆಲ್ ಎಂಬುದು ಮೇಲಿನ ಲೆಕ್ಕದ 2.08ಕ್ಕೆ ಹೊಂದುತ್ತದೆ. ಅಂದರೆ ಫುಲ್ ಎಚ್‌ಡಿ ಪರದೆ ಫೋಟೊದ ಅಗಲವನ್ನು ತುಂಬಿತ್ತು ಎಂದು ಊಹಿಸಬಹುದು. ಇದು ಊಹೆ ಮಾತ್ರ, ಬೇರೆ ಪರದೆ ಬೇರೆ ದೂರದಿಂದಲೂ ಇದೇ ಸಂಖ್ಯೆ ಕೊಡಬಲ್ಲದು. ಯಾವ ಕಂಪ್ಯೂಟರ್ ಎಂದು ಇದರಿಂದ ಬೊಟ್ಟು ಮಾಡಲು ಹೋಗಬೇಡಿ.

ಆಮೇಲೆ ಹೊಳಪು. ಎಡ ಮೇಲ್ಮೂಲೆಯಲ್ಲಿ ಓರೆಯಾದ ಬಿಳಿ ಪಟ್ಟಿ ಇದೆ. ಮೊದಲ ನೋಟಕ್ಕೆ ಮೋಡ ಎನಿಸುತ್ತದೆ. ಅದರ ತುದಿ ಗುಡ್ಡದ ಮೇಲೂ ಒಬ್ಬ ಗಂಡಸಿನ ತಲೆಯ ಮೇಲೂ ಬಂದಿದೆ. ಅವರ ಕೂದಲಿನ ಅರ್ಧ ಕಪ್ಪು, ಪಟ್ಟಿಯೊಳಗಿನ ಅರ್ಧ ಬೂದಿ. ಮೋಡ ಮನುಷ್ಯನ ಮುಂದೆ ಬರುವುದಿಲ್ಲ.

ಕೊನೆಗೆ ಎಕ್ಸಿಫ್: ಬೆಳಕಿಗೆ ತೆರೆದಿದ್ದ ಅವಧಿ, ಅಂದರೆ ಎಕ್ಸ್‌ಪೋಶರ್, 1/50 ಸೆಕೆಂಡ್; ಸೆನ್ಸರಿನ ಸಂವೇದನೆ ಹೇಳುವ ಐಎಸ್‌ಒ 125. ನಡುಹಗಲಿನ ನೆರಳಿರುವ ಚಿತ್ರಕ್ಕೆ ಈ ಅಂಕಿ ಹೊಂದುವುದೇ ಇಲ್ಲ.

## ಎಕ್ಸಿಫ್ ಅಂಕಿಯಿಂದ ಅದು ಹೇಗೆ ಗೊತ್ತಾಗುತ್ತದೆ?

ನಡುಹಗಲ ಬಿಸಿಲಿನಲ್ಲಿ ಬಿಳಿ ಹಾಳೆಯ ಪ್ರಕಾಶ ಸುಮಾರು 25,000ದಿಂದ 30,000 ನಿಟ್ಸ್. ಕಚೇರಿ ಮಾನಿಟರಿನ ಬಿಳಿ ಸುಮಾರು 250ರಿಂದ 300. ನೂರು ಪಟ್ಟು ವ್ಯತ್ಯಾಸ. ಪರದೆಯ ಮೇಲಿನ ಬಿಸಿಲು ಬಿಸಿಲಿನ ಚಿತ್ರವೇ ಹೊರತು ಬಿಸಿಲಲ್ಲ, ಕ್ಯಾಮೆರಾ ಅದಕ್ಕೆ ನೂರು ಪಟ್ಟು ಹೆಚ್ಚು ಬೆಳಕು ಕೂಡಿಸಬೇಕು. ಎಫ್/1.8 ಲೆನ್ಸಿನ ಮೊಬೈಲು ಬಿಸಿಲಲ್ಲಿ ಐಎಸ್‌ಒ 50ಕ್ಕೆ 1/2000ರಿಂದ 1/4000 ಸೆಕೆಂಡ್ ತೆರೆದರೆ, ಮಾನಿಟರಿನ ಮುಂದೆ ಐಎಸ್‌ಒ 100ರ ಆಸುಪಾಸಿನಲ್ಲಿ 1/50 ಅಥವಾ 1/100 ತೆರೆಯುತ್ತದೆ. ಈ 1/50 ಮತ್ತು 1/100 ಮತ್ತೆ ಮತ್ತೆ ಬರುವುದಕ್ಕೂ ಕಾರಣವಿದೆ. ನಮ್ಮ ವಿದ್ಯುತ್ 50 ಹರ್ಟ್ಸ್, ಅದರಲ್ಲಿ ಉರಿಯುವ ದೀಪ ಸೆಕೆಂಡಿಗೆ 100 ಬಾರಿ ಮಿಡಿಯಬಲ್ಲದು. ಆ ಮಿಡಿತ ಚಿತ್ರದಲ್ಲಿ ಅಡ್ಡಪಟ್ಟಿಯಾಗಿ ಬೀಳದಿರಲೆಂದು ಮೊಬೈಲು ಕೋಣೆಯೊಳಗೆ ಈ ಅವಧಿಗಳನ್ನೇ ಆರಿಸಿಕೊಳ್ಳುತ್ತದೆ. ಫೈಲಿನಿಂದ ಈ ಅಂಕಿಗಳನ್ನು ಎಕ್ಸಿಫ್‌ಟೂಲ್‌ನಲ್ಲಿ ಹೀಗೆ ಓದಬಹುದು:

```
exiftool -Model -ExposureTime -ISO -FNumber -DateTimeOriginal photo.jpg
```

ಮುಸ್ಸಂಜೆ, ದಟ್ಟ ಮೋಡ, ಮರದಡಿ ತೆಗೆದ ಚಿತ್ರಕ್ಕೆ ಈ ವಾದ ನಡೆಯದು. ಬಯಲಿನಲ್ಲೇ ಕೂತು ಬೆಳಕು ಪೂರ್ತಿ ಏರಿಸಿದ ಮೊಬೈಲ್ ಪರದೆಯನ್ನು ಹೊಡೆದರೆ ವ್ಯತ್ಯಾಸ ಕಡಿಮೆಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊವಾಗಿ ಬಂದದ್ದರಲ್ಲಿ ಎಕ್ಸಿಫ್ ಉಳಿದಿರುವುದಿಲ್ಲ. ಎಕ್ಸಿಫ್ ಇಲ್ಲದಿರುವುದು ತಾನಾಗಿ ಯಾವ ತಪ್ಪಿನ ಗುರುತೂ ಅಲ್ಲ.

## ಕಣ್ಣಿನ ಮೇಲೆ ಬಿಡದೆ ಅಳೆದು ತೋರಿಸಲು ಸಾಧ್ಯವೇ?

ಸಾಧ್ಯ. ಕ್ರಮವಾಗಿ ಮರುಕಳಿಸುವ ಯಾವುದೇ ಪಟ್ಟೆಯನ್ನು ಫೂರಿಯೇ ಪರಿವರ್ತನೆ ಒಂದು ಚುಕ್ಕೆಯಾಗಿ ಮಾಡುತ್ತದೆ. ಪಟ್ಟೆ ಬಣ್ಣದ್ದಾದ್ದರಿಂದ ಕೆಂಪಿನ ವ್ಯತ್ಯಾಸ ಹೇಳುವ ಪದರವನ್ನೇ ತೆಗೆದುಕೊಂಡರೆ ಒಳ್ಳೆಯದು. ಪೈಥಾನ್ ಗೊತ್ತಿರುವವರಿಗೆ ಇಷ್ಟು ಸಾಕು:

```
import numpy as np
from PIL import Image
im = Image.open("photo.jpg").convert("YCbCr")
a = np.asarray(im.split()[2], float)[:1024, :1024]
a = a - a.mean()
w = np.hanning(1024)
f = np.fft.fftshift(np.fft.fft2(a * np.outer(w, w)))
s = np.log1p(np.abs(f))
Image.fromarray((255 * s / s.max()).astype("uint8")).save("fft.png")
```

ಇದು ಎಡ ಮೇಲ್ಮೂಲೆಯ 1024×1024 ತುಂಡನ್ನು ತೆಗೆದುಕೊಳ್ಳುತ್ತದೆ, ಹೆಚ್ಚಿನ ಫೋಟೊಗಳಲ್ಲಿ ಅದು ಆಕಾಶವೇ. ಚಿತ್ರ ಅದಕ್ಕಿಂತ ಚಿಕ್ಕದಿದ್ದರೆ ಮೂರು ಕಡೆಯೂ 1024ರ ಬದಲು 512 ಹಾಕಿ, ಆಗ ಕೆಳಗೆ ಬರುವ 1024, 20, 64, 128 ಎಲ್ಲವೂ ಅರ್ಧವಾಗುತ್ತವೆ. ಬಂದ ಚಿತ್ರದ ನಡುವೆ ಒಂದು ಬೆಳಕಿನ ಮುದ್ದೆ ಇರುತ್ತದೆ, ಅದು ಎಲ್ಲ ಫೋಟೊಗಳಲ್ಲೂ ಇರುವಂಥದ್ದು. ನೋಡಬೇಕಾದ್ದು ಅದರಿಂದ ದೂರದಲ್ಲಿ, ಎದುರುಬದುರು ಜೋಡಿಯಾಗಿ ಕೂತ ಚುಕ್ಕೆಗಳನ್ನು. ದೂರವನ್ನು ಅಳೆದು 1024ನ್ನು ಅದರಿಂದ ಭಾಗಿಸಿದರೆ ಪಟ್ಟೆಯ ಅಗಲ ಸಿಗುತ್ತದೆ. 50 ಪಿಕ್ಸೆಲ್‌ನ ಪಟ್ಟೆ ಸುಮಾರು 20ರ ದೂರದಲ್ಲಿ ಚುಕ್ಕೆ ಕೊಡುತ್ತದೆ. ಪಟ್ಟೆ ಬಾಗಿದ್ದರೆ ಚುಕ್ಕೆ ಸ್ವಲ್ಪ ಗೀಚಿದಂತೆ ಹರಡುತ್ತದೆ.

ಮೋಸಹೋಗುವ ಜಾಗ ಇದು: ನೆಟ್ಟನೆಯ ಅಡ್ಡ ಮತ್ತು ಉದ್ದ ಗೆರೆಗಳ ಮೇಲೆ, ಕೇಂದ್ರದಿಂದ ಸರಿಯಾಗಿ 64 ಅಥವಾ 128ರ ಗುಣಕದಲ್ಲಿ ಕೂತ ಚುಕ್ಕೆಗಳು ಜೆಪೆಗ್‌ನ 16 ಮತ್ತು 8 ಪಿಕ್ಸೆಲ್ ಚೌಕಗಳದ್ದು. ಅವನ್ನು ಬಿಟ್ಟು ಉಳಿದದ್ದನ್ನು ಎಣಿಸಿ.

## ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೊದಲ್ಲಿ ಮೊಯಿರೆ ಉಳಿಯುತ್ತದೆಯೇ?

ಅಗಲವಾದದ್ದು ಉಳಿಯುತ್ತದೆ, ಸಣ್ಣದು ಹೋಗುತ್ತದೆ. 4000 ಪಿಕ್ಸೆಲ್‌ನ ಚಿತ್ರ 1600ಕ್ಕೆ ಇಳಿದರೆ 50ರ ಪಟ್ಟೆ 20 ಆಗಿ ಬದುಕುತ್ತದೆ, 7ರ ಪಟ್ಟೆ ಮೂರಕ್ಕೂ ಕಡಿಮೆಯಾಗಿ ಸಂಕೋಚನದಲ್ಲಿ ಕರಗುತ್ತದೆ. ಸಾಧ್ಯವಾದರೆ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಫೈಲು ಇದ್ದಂತೆ ಬರುತ್ತದೆ.

## ಕಂಪ್ಯೂಟರ್ ಬದಲು ಇನ್ನೊಂದು ಮೊಬೈಲಿನ ಪರದೆ ಬಳಸಿದ್ದರೆ?

ಹಿಡಿಯುವುದು ಕಷ್ಟ. ಮೊಬೈಲ್ ಪರದೆಯಲ್ಲಿ ಇಂಚಿಗೆ 400ರಷ್ಟು ಪಿಕ್ಸೆಲ್ ಇರುತ್ತವೆ, ಮಾನಿಟರಿನಲ್ಲಿ ನೂರರ ಆಸುಪಾಸು. ಮೊಳದಷ್ಟು ದೂರದಿಂದ ತೆಗೆದರೆ ಲೆನ್ಸಿಗೆ ಆ ಪಿಕ್ಸೆಲ್‌ಗಳು ಬಿಡಿಬಿಡಿಯಾಗಿ ಕಾಣುವುದೇ ಇಲ್ಲ, ಮೊಯಿರೆಯೂ ಇಲ್ಲ. ಆದರೆ ಅಷ್ಟು ದೂರದಿಂದ ತೆಗೆದರೆ ಮೊಬೈಲಿನ ಅಂಚು, ಹಿಡಿದ ಕೈ ಎಲ್ಲವೂ ಚಿತ್ರದಲ್ಲಿ ಬಂದುಬಿಡುತ್ತವೆ. ಅಂಚು ಮರೆಮಾಡಬೇಕಾದರೆ 10-12 ಸೆಂ.ಮೀ. ಹತ್ತಿರ ಹೋಗಬೇಕು, ಆಗ ಪಿಕ್ಸೆಲ್‌ಗಳು ಮತ್ತೆ ಕಾಣತೊಡಗುತ್ತವೆ ಮತ್ತು ಹಲವು ಕ್ಯಾಮೆರಾಗಳ ಫೋಕಸ್ಸೂ ತಡವರಿಸುತ್ತದೆ. ಇಂಥ ಫೋಟೊಗಳಲ್ಲಿ ಮೊಯಿರೆಗಿಂತ ಗಾಜಿನ ಮೇಲಿನ ಬೆರಳಚ್ಚು, ಎಣ್ಣೆಯ ಒರೆಸು, ಪ್ರತಿಬಿಂಬ ಇವೇ ಬೇಗ ಸಿಗುತ್ತವೆ. ಎಲ್ಲರ ಮುಖದ ಮೇಲೂ ಹಾದ ಒಂದೇ ಬೆರಳಿನ ಗೆರೆ ಎಂದರೆ ಅದು ಗಾಜಿನ ಮೇಲಿನದೇ.

## ಪ್ರಿಂಟ್ ತೆಗೆದ ಫೋಟೊವನ್ನು ಹೊಡೆದಿದ್ದರೆ?

ಸ್ಟುಡಿಯೊ ಪ್ರಿಂಟಿನಲ್ಲಿ ಪಿಕ್ಸೆಲ್ ಬಲೆಯೇ ಇಲ್ಲ, ಮೊಯಿರೆ ಹುಡುಕಿ ಫಲವಿಲ್ಲ. ಹೊಳೆಯುವ ಕಾಗದವಾದರೆ ಮೇಲೆ ಹೇಳಿದ ಹೊಳಪಿನ ಗುರುತು ನಡೆಯುತ್ತದೆ. ಪತ್ರಿಕೆಯಲ್ಲಿ ಅಚ್ಚಾದ ಚಿತ್ರವಾದರೆ ಅಚ್ಚಿನ ಚುಕ್ಕೆಗಳೇ ಬಲೆಯಾಗಿ ಮೊಯಿರೆ ಕೊಡುತ್ತವೆ.

## ಮೊಯಿರೆಯೂ ಇಲ್ಲ, ಹೊಳಪೂ ಇಲ್ಲ. ಹಾಗಾದರೆ ಅಸಲಿಯೇ?

ಹಾಗೆ ಹೇಳಲು ಬರುವುದಿಲ್ಲ. ಕತ್ತಲ ಕೋಣೆಯಲ್ಲಿ ಪರದೆಯಿಂದ ಸರಿಯಾದ ದೂರದಲ್ಲಿ ನಿಂತು, ಚೂರು ಫೋಕಸ್ ತಪ್ಪಿಸಿ ತೆಗೆದರೆ ಎರಡೂ ಇರುವುದಿಲ್ಲ. ಈ ಗುರುತುಗಳು ಇದ್ದಾಗ ಮಾತಾಡುತ್ತವೆ, ಇಲ್ಲದಿದ್ದಾಗ ಸುಮ್ಮನಿರುತ್ತವೆ ಅಷ್ಟೆ.

## ಅನುಮಾನ ಬಂದಾಗ ಏನು ಬರೆಯಬೇಕು, ಏನು ಕೇಳಬೇಕು?

ನಕಲಿ ಎಂಬ ಪದ ಬರೆಯಬೇಡಿ, ಕಂಡದ್ದನ್ನು ಬರೆಯಿರಿ. ಉದಾಹರಣೆಗೆ: ಆಕಾಶದಿಂದ ಮಣ್ಣಿನವರೆಗೆ ತುಂಡಾಗದ ಬಣ್ಣದ ಪಟ್ಟೆ, ಸುಮಾರು 50 ಪಿಕ್ಸೆಲ್‌ಗೊಂದು; ಎಡ ಮೇಲ್ಮೂಲೆಯಲ್ಲಿ ಗುಡ್ಡ ಮತ್ತು ತಲೆ ಎರಡರ ಮೇಲೂ ಹಾದ ಹೊಳಪು. ಬಣ್ಣ ಕೆರಳಿಸಿದ ಪ್ರತಿಯನ್ನು ಜೊತೆಗಿಡಿ, ಮೂಲ ಫೈಲನ್ನು ಮುಟ್ಟದೆ ಬೇರೆ ಇಡಿ. ಎರಡು ಗುರುತುಗಳಲ್ಲಿ ಒಂದೇ ಇದ್ದರೆ ಅದನ್ನೂ ಹಾಗೆಯೇ ನಮೂದಿಸಿ. ಫೋಟೊ ತೆಗೆದವರು ಒಬ್ಬರು, ಕೂಲಿ ಕಳೆದುಕೊಳ್ಳುವವರು ಬೇರೆಯವರು. ಬರೀ ಒಂದು ಹೊಳಪಿನ ಮಚ್ಚೆ ನೋಡಿ ಹನ್ನೆರಡು ಜನರ ದಿನಗೂಲಿಗೆ ಕತ್ತರಿ ಹಾಕುವುದು ಸರಿಯಲ್ಲ, ಅವರು ಅಂದು ಕೆಲಸದಲ್ಲಿದ್ದರೇ ಎಂದು ಅವರನ್ನೇ ಕೇಳಬೇಕು.

ಕೆಲಸ ನಡೆಯುತ್ತಿದ್ದರೆ ಇನ್ನೊಂದು ಫೋಟೊ ಕೇಳಿ, ಅದರಲ್ಲಿ ಒಂದು ಷರತ್ತಿರಲಿ: ಮೊದಲು ಒಂದು, ಆಮೇಲೆ ಎರಡು ಹೆಜ್ಜೆ ಬದಿಗೆ ಸರಿದು ಇನ್ನೊಂದು. ಸ್ಥಳದಲ್ಲಿ ನಿಂತು ತೆಗೆದಿದ್ದರೆ ಮುಂದೆ ನಿಂತವರು ಹಿಂದಿನ ಗುಡ್ಡದೆದುರು ಸರಿದಿರುತ್ತಾರೆ. ಮೊದಲ ಚಿತ್ರದಲ್ಲಿ ಬಂಡೆಯನ್ನು ಮರೆಮಾಡಿದ್ದ ತಲೆ ಎರಡನೆಯದರಲ್ಲಿ ಅದರ ಪಕ್ಕದಲ್ಲಿರುತ್ತದೆ. ಪರದೆಯ ಮುಂದೆ ಎಷ್ಟು ಸರಿದರೂ ತಲೆ ಬಂಡೆಯ ಮೇಲೇ ಇರುತ್ತದೆ, ಇಡೀ ಚಿತ್ರ ಮಾತ್ರ ಓರೆಯಾಗುತ್ತದೆ.